ಮಾವ ಮಾಡಿಕೊಟ್ಟ ಮೇಜು

ನಯನಳ ಕತ್ತು ಹಿಡಿದುಕೊಂಡ ಸುದ್ದಿ ಹಬ್ಬಿದ ಮೇಲೆ ನಂಜನಗೂಡಿನ ಅವರ ಬೀದಿಯಲ್ಲಿ ವೈದ್ಯರಲ್ಲದವರು ಒಬ್ಬರೂ ಉಳಿಯಲಿಲ್ಲ. ಎದುರುಮನೆಯವರು ದಿಂಬು ಬಿಟ್ಟು ಮಲಗು ಎಂದರು. ಪಕ್ಕದ ಮನೆಯವರು ಒಂದು ಸಾಲದು, ಎರಡು ದಿಂಬು ಇಟ್ಟುಕೋ ಎಂದರು. ಡೈರಿಯ ಮುಂದೆ ಹಾಲಿಗೆ ನಿಂತವರೆಲ್ಲ ಸೇರಿ ಇದು ಮೊಬೈಲಿನದೇ ಕಿತಾಪತಿ ಎಂದು ತೀರ್ಪು ಕೊಟ್ಟರು. ತಾಂಡ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪ ಬೆಟ್ಟಸ್ವಾಮಿ ಮಾತ್ರ ಬಾಯಿ ಬಿಡದೆ ಮೆಡಿಕಲ್ ಸ್ಟೋರಿನಿಂದ ಒಂದು ಡಬ್ಬಿ ಬಾಮು ತಂದಿಟ್ಟರು. ನಾಲ್ಕನೇ ಡಬ್ಬಿ ಮುಗಿಯುವ ಹೊತ್ತಿಗೆ ಸಾರಿನಲ್ಲೂ ಬಾಮಿನ ವಾಸನೆ ಬರುತ್ತಿದೆ ಎಂದು ಅಮ್ಮ ಗೊಣಗತೊಡಗಿದಳು.

ನಯನಳಿಗೆ ಇಪ್ಪತ್ತೈದು ವರ್ಷ. ಸಾಫ್ಟ್‌ವೇರ್ ಎಂಜಿನಿಯರು. ಕಂಪನಿ ಮೈಸೂರಿನಲ್ಲಿದ್ದರೂ ಕೆಲಸ ಮನೆಯಿಂದಲೇ; ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿ ಬಂದರೆ ಸಾಕಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಕೂತವಳು ಸಂಜೆ ಆರೂವರೆಗೆ ಏಳುತ್ತಿದ್ದಳು. ಮೊದಮೊದಲು ಸಂಜೆಯಾಗುತ್ತಲೇ ಕತ್ತಿನ ಬಲಮಗ್ಗುಲು ಬಿಗಿಯುತ್ತಿತ್ತು, ಅಷ್ಟೇ. ಆಮೇಲೆ ನೋವು ಹೆಗಲಿಗಿಳಿಯಿತು, ಹೆಗಲಿನಿಂದ ಬಲತೋಳಿಗೆ, ತೋಳಿನಿಂದ ಮೊಣಕೈಗೆ. ಜಡೆ ಹೆಣೆದುಕೊಳ್ಳಲು ಕೈ ಹಿಂದಕ್ಕೆ ಹೋಗದೆ ಅಮ್ಮನನ್ನು ಕೂಗುವಂತಾಯಿತು. ಸ್ಕೂಟರಿನಲ್ಲಿ ಹೋಗುವಾಗ ಹಿಂದೆ ಯಾರು ಹಾರ್ನ್ ಹೊಡೆಯುತ್ತಿದ್ದಾರೆಂದು ನೋಡಲು ಇಡೀ ಮೈಯನ್ನೇ ತಿರುಗಿಸಬೇಕಾಗಿ, ಒಮ್ಮೆ ಎಳನೀರಿನ ಗಾಡಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು.

ಅಮ್ಮ ಅವಳನ್ನು ಮೊದಲು ಕರೆದುಕೊಂಡು ಹೋದದ್ದು ಉಳುಕು ತೆಗೆಯುವ ದೊಡ್ಡಮಾದಯ್ಯನ ಬಳಿಗೆ. ಸುತ್ತಮುತ್ತ ಯಾರಿಗೆ ಸೊಂಟ ಉಳುಕಲಿ, ಕಾಲು ಉಳುಕಲಿ, ಮೊದಲು ಬರುತ್ತಿದ್ದುದು ಅವನ ಜಗಲಿಗೆ. ಅವನು ಎಣ್ಣೆ ಸವರಿ, ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿ, ಕೈ ಒರೆಸಿಕೊಂಡ.

"ಇದು ಉಳುಕಲ್ಲ ಕಣವ್ವ. ಉಳುಕಾಗಿದ್ರೆ ಒಂದು ಕಡೆ ಇರೋದು, ಒಂದು ಗಳಿಗೇಲಿ ಆಗಿರೋದು. ನಿಂದು ಅಂಗಲ್ಲ, ದಿನಾ ಒಸಿ ಒಸಿ ಸೇರ್ಕಂಡಿರೋದು. ಕತ್ತು ಅಂದ್ರೆ ಆಟ ಅಲ್ಲ, ನಾನು ಎಳೆಯಕಿಲ್ಲ. ಡಾಕುಟ್ರುತಾವ ಓಗು."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ವೈದ್ಯ ಸಿಕ್ಕುವುದೇ ಪುಣ್ಯ. ಮರುದಿನವೇ ನಯನ ಡಾಕ್ಟರಿಗೆ ತೋರಿಸಿದಳು. ಅವರು ಪರೀಕ್ಷಿಸಿ, ಮೂರು ದಿನದ ಮಾತ್ರೆ ಬರೆದು, ಅದೇ ಬೀದಿಯ ಕೊನೆಯಲ್ಲಿರುವ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಚೀಟಿ ಕೊಟ್ಟರು.

ಕ್ಲಿನಿಕ್ಕಿನ ಶಿವರಂಜನಿ ಮೇಡಂ ನಲವತ್ತರ ಆಸುಪಾಸಿನವರು. ಮಾತು ಬಿರುಸು, ಕೈ ಮೆದು. ನಯನಳ ಕತ್ತನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ ತಿರುಗಿಸಿ ನೋಡಿದರು. ತಲೆಯನ್ನು ನೋವಿನ ಕಡೆಗೆ ವಾಲಿಸಿ ಮೇಲಿನಿಂದ ಮೆಲ್ಲಗೆ ಒತ್ತಿ, ಕೈಗೆ ಏನಾದರೂ ಝುಂ ಎಂದು ಹರಿಯಿತೇ ಎಂದು ಕೇಳಿದರು. ಇಲ್ಲ. ಮೊಣಕೈಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ತಮ್ಮ ಎರಡು ಬೆರಳು ಕೊಟ್ಟು ಬಿಗಿಯಾಗಿ ಹಿಡಿ ಎಂದರು. ಅವಳು ಹಿಡಿದ ರಭಸಕ್ಕೆ "ಸಾಕು ಸಾಕು, ನಾಳೆ ನಾನೂ ಕೆಲಸ ಮಾಡ್ಬೇಕು" ಎಂದು ಬಿಡಿಸಿಕೊಂಡರು. ಆಮೇಲೆ ಕತ್ತಿಗೂ ಹೆಗಲಿಗೂ ನಡುವಿನ ಸ್ನಾಯುವನ್ನು ಚಿವುಟಿ ಹಿಡಿದಾಗ ನಯನ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು.

"ಇಲ್ಲಿದೆ ನೋಡಿ ನಿಮ್ಮ ಕಾಯಿಲೆ. ಕಲ್ಲಾಗಿದೆ."

"ಡಿಸ್ಕ್ ಜಾರಿದ್ಯಾ ಮೇಡಂ?" ಒಂದು ವಾರದಿಂದ ಇಂಟರ್‌ನೆಟ್ಟಿನಲ್ಲಿ ಓದಿ ಓದಿ ಹೆದರಿ ಹಣ್ಣಾಗಿದ್ದ ನಯನ ಕೇಳಿದಳು. "ಎಂ.ಆರ್.ಐ. ಮಾಡಿಸ್ಬೇಕಾ?"

"ಜೋಮಿಲ್ಲ, ಕೈ ಬಲ ಕಮ್ಮಿಯಾಗಿಲ್ಲ, ನರ ಒತ್ತಿರೋ ಲಕ್ಷಣ ಒಂದೂ ಇಲ್ಲ. ಡಾಕ್ಟ್ರೂ ಅದನ್ನೇ ಬರೆದಿದಾರೆ. ಈಗ ಏನೂ ಬೇಡ. ಮುಂದೆ ಕೈ ಸೋತ್ರೆ, ಬೆರಳು ಮರಗಟ್ಟಿದ್ರೆ ಆವಾಗ ತಡ ಮಾಡದೆ ಬನ್ನಿ. ಸರಿ, ನೋವು ಯಾವತ್ತು ಜಾಸ್ತಿ?"

ನಯನ ಯೋಚಿಸಿದಳು. ಸೋಮವಾರ ಅಷ್ಟಿಲ್ಲ. ಬುಧವಾರಕ್ಕೆ ಏರುತ್ತದೆ. ಶುಕ್ರವಾರ ಅಳು ಬರುತ್ತದೆ. ಭಾನುವಾರ ಸಂಜೆಗೆ ಮೈ ಹಗುರ. ಹೇಳುತ್ತಾ ಹೇಳುತ್ತಾ ಅವಳಿಗೇ ನಗು ಬಂತು. ಸರ್ಕಾರಿ ರಜೆಗೆಲ್ಲ ರಜೆ ಹಾಕುವ ನೋವು ಇದು.

"ಶನಿವಾರ, ಭಾನುವಾರ ವಾಸಿಯಾಗೋ ಡಿಸ್ಕ್ ನಾನು ನೋಡಿಲ್ಲ," ಎಂದರು ಶಿವರಂಜನಿ. "ನೀವು ಕೂತು ಕೆಲಸ ಮಾಡೋ ಜಾಗದ ಫೋಟೋ ಇದ್ರೆ ತೋರಿಸಿ."

ಫೋಟೋ ಏನು, ವಿಡಿಯೋನೇ ಇತ್ತು. ಎಂಟು ತಿಂಗಳ ಹಿಂದೆ ನಯನಳ ಕೆಲಸ ಖಾಯಂ ಆದಾಗ ಅಮ್ಮನ ಅಣ್ಣ ನಿಂಗರಾಜು ಮಾವ ಮೇಜು ಮಾಡಿಕೊಟ್ಟಿದ್ದರು. ಟಿ. ನರಸೀಪುರದಲ್ಲಿ ಅವರದು ಮರಗೆಲಸದ ಅಂಗಡಿ. ಆ ಊರಿನ ಕಿರಾಣಿ, ಬಟ್ಟೆ, ಔಷಧಿ ಅಂಗಡಿಗಳ ಅರ್ಧಕ್ಕರ್ಧ ಗಲ್ಲಾಮೇಜು ಅವರ ಕೈಯಲ್ಲೇ ಆದವು. ಹೆಮ್ಮಿಗೆಯ ಜಮೀನಿನಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ಕುಯ್ಯಿಸಿ, ಎರಡು ವರ್ಷ ನೆರಳಲ್ಲಿ ಒಣಗಿಸಿಟ್ಟು, ಸೋದರಸೊಸೆಗೆಂದೇ ಅದನ್ನು ಬಳಸಿದ್ದರು. ಟೆಂಪೋದಲ್ಲಿ ಮೇಜು ಬಂದಿಳಿದ ದಿನ ಅದರ ಜೊತೆಗೇ ಬಂದ ಮಾವನ ತಾಯಿ ಸಣ್ಣತಾಯಜ್ಜಿ ಆರತಿ ಎತ್ತಿದ್ದಳು. ಆ ದಿನದ ವಿಡಿಯೋ ನೋಡುತ್ತ ನೋಡುತ್ತ ಶಿವರಂಜನಿ ಮೇಡಂ ಅವರ ಹುಬ್ಬು ಮೇಲೇರಿತು.

ಮೇಜಿನ ಎತ್ತರ ಮೂವತ್ತನಾಲ್ಕು ಇಂಚು. ಐದಡಿಯ ನಯನ ಅದರ ಮುಂದೆ ಕೂತರೆ ಕೀಬೋರ್ಡು ಎದೆಯ ಮಟ್ಟಕ್ಕೆ. ನಟ್ಟನಡುವೆ, ಕೂತವರ ಮೂಗಿನ ನೇರಕ್ಕೆ, ಮೇಜಿಗೇ ಕೂಡಿಸಿದ ಪುಟ್ಟ ಗೂಡು. ಅದರೊಳಗೆ ನಂಜುಂಡೇಶ್ವರನ ಫೋಟೋ, ಊದಿನಕಡ್ಡಿಗೆ ಎರಡು ತೂತು. ದೇವರು ನಡುವೆ ಕೂತ ಮೇಲೆ ಮಾನಿಟರಿಗೆ ಉಳಿದದ್ದು ಎಡಗಡೆಯ ಹಲಗೆ. ಮೌಸಿಗೆ ಬಲತುದಿ, ಅದೂ ಕೈ ಪೂರಾ ಚಾಚಿದರೆ ಎಟುಕುವಷ್ಟು ದೂರ. ಕೆಳಗೆ ಆಳವಾದ ಡ್ರಾಯರು. ಕುರ್ಚಿ ಎತ್ತರಿಸೋಣವೆಂದರೆ ತೊಡೆ ಅದಕ್ಕೆ ಹೊಡೆಯುತ್ತಿತ್ತು.

"ಇದು ಟೇಬಲ್ಲೋ, ಅಂಗಡಿ ಗಲ್ಲಾನೋ?" ಎಂದು ಶಿವರಂಜನಿ ಬಿದ್ದು ಬಿದ್ದು ನಕ್ಕರು. ನಕ್ಕಿದ್ದು ಸಾಕಾದ ಮೇಲೆ ಗೋಡೆಯ ಕಡೆ ಕುರ್ಚಿ ಎಳೆದು ತಾವೇ ಕೂತು ತೋರಿಸಿದರು. "ನೋಡಿ, ಎಂಟೊಂಬತ್ತು ಗಂಟೆ ಕತ್ತು ಎಡಕ್ಕೆ ತಿರುಗಿಸ್ಕೊಂಡೇ ಇರ್ತೀರ. ಎತ್ತರದ ಟೇಬಲ್ಲಿಗೆ ಕೈ ಏರಿಸೋದಕ್ಕೆ ಹೆಗಲು ಕಿವಿ ಹತ್ರ ಬಂದಿರತ್ತೆ. ಬಲಗೈ ಆಧಾರ ಇಲ್ದೆ ಅಷ್ಟು ದೂರದ ಮೌಸ್ ಹಿಡ್ಕೊಂಡು ನೇತಾಡ್ತಿರತ್ತೆ. ಸ್ನಾಯುಗೆ ಒಂದು ನಿಮಿಷವೂ ವಿಶ್ರಾಂತಿ ಇಲ್ಲ. ನೋಯದೆ ಇನ್ನೇನು ಮಾಡತ್ತೆ? ರೋಗ ಕಳೆಯೋ ನಂಜುಂಡನನ್ನೇ ನಡುವೆ ಕೂರಿಸಿ ರೋಗ ತರಿಸ್ಕೊಂಡವರು ನೀವೇ ಮೊದಲು."

ಮದ್ದೂ ಅಂಥ ದೊಡ್ಡದಲ್ಲ. ಪರದೆ ನೇರ ಎದುರಿಗೆ, ಒಂದು ತೋಳಿನ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ. ಕೀಬೋರ್ಡೂ ಮೌಸೂ ಮೊಣಕೈ ಮಟ್ಟದಲ್ಲಿ, ಅಕ್ಕಪಕ್ಕದಲ್ಲಿ. ಪಾದ ನೆಲದ ಮೇಲೆ ಪೂರ್ತಿ ಊರಬೇಕು, ಬೆನ್ನಿಗೆ ಆಸರೆ ಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ. ಗದ್ದವನ್ನು ಹಿಂದಕ್ಕೆಳೆದು ಹಿಡಿಯುವುದು, ಹೆಗಲ ಹಿಂದಿನ ಮೂಳೆಗಳನ್ನು ಒಂದಕ್ಕೊಂದು ಕೂಡಿಸುವುದು, ಇಂಥ ನಾಲ್ಕು ವ್ಯಾಯಾಮ. "ಎರಡು ವಾರ ಆ ಟೇಬಲ್ ಮುಟ್ಟಬೇಡಿ. ಬೇರೆ ಕಡೆ ಸರಿಯಾಗಿ ಕೂತು ನೋಡಿ. ನನ್ನ ಮಾತು ನಿಜವೋ ಸುಳ್ಳೋ ನಿಮ್ಮ ಕತ್ತೇ ಹೇಳತ್ತೆ."

ಕತ್ತು ಹೇಳಿತು. ಊಟದ ಮೇಜಿನ ಮೇಲೆ ಎಂಜಿನಿಯರಿಂಗಿನ ಹಳೇ ಪುಸ್ತಕಗಳನ್ನು ಪೇರಿಸಿ ಅದರ ಮೇಲೆ ಪರದೆ ಇಟ್ಟಳು. ಓದುವಾಗ ಬಾರದ ಉಪಯೋಗಕ್ಕೆ ಅವು ಈಗ ಬಂದವು. ಕುರ್ಚಿ ಎತ್ತರಿಸಿಕೊಂಡು ಕಾಲ ಕೆಳಗೆ ಮಣೆ ಹಾಕಿಕೊಂಡಳು. ಮೊದಲ ವಾರ ಬುಧವಾರದ ನೋವು ಶುಕ್ರವಾರಕ್ಕೆ ಹೋಯಿತು. ಎರಡನೇ ವಾರದ ಕೊನೆಗೆ ನೋವು ಅರ್ಧಕ್ಕಿಳಿದು, ಒಂದು ಬೆಳಿಗ್ಗೆ ತನ್ನ ಜಡೆಯನ್ನು ತಾನೇ ಹೆಣೆದುಕೊಂಡಳು. ಆ ಖುಷಿಗೆ ಕನ್ನಡಿಯ ಮುಂದೆ ಅದನ್ನು ಬಿಚ್ಚಿ ಮತ್ತೊಮ್ಮೆ ಹೆಣೆದಳು.

ಸಂಕಟ ಬಂದದ್ದು ಆಮೇಲೆ. ನಿಂಗರಾಜು ಮಾವ ಭಾನುವಾರ ತಪ್ಪದೆ ಫೋನು ಮಾಡುವವರು. ಎಂಟು ತಿಂಗಳಿಂದಲೂ ಮೊದಲು ಕೇಳುವುದು ಒಂದೇ ಮಾತು, "ಟೇಬಲ್ ಎಂಗದೆ ಕೂಸೇ?" ನಯನಳೂ ಎಂಟು ತಿಂಗಳಿಂದ ಒಂದೇ ಮಾತು, "ಸೂಪರ್ ಮಾವ." ಪ್ರೀತಿಯಿಂದ ಮಾಡಿದ್ದನ್ನು ಚೆನ್ನಾಗಿಲ್ಲ ಎನ್ನುವ ನಾಲಿಗೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆ ಭಾನುವಾರ ಮಾವನ ದನಿ ಎಂದಿಗಿಂತ ಏರಿತ್ತು.

"ಕೂಸೇ, ನಿನ್ ಟೇಬಲ್ನಿಂದ ಒಳ್ಳೇದಾಯ್ತು ಕಣವ್ವ! ಇಲ್ಲಿ ಕಂಪೂಟ್ರು ಕಲ್ಸೋ ಸೆಂಟ್ರು ತೆಗಿತಾವ್ರೆ. ರುದ್ರೇಶ್ ಅಂತ ಒಬ್ರು. ಅದ್ನಾರು ಟೇಬಲ್ಲು ಬೇಕಂತೆ. ರೆಡಿಮೇಡ್ ತತ್ತೀನಿ ಅಂತಿದ್ರು. ನಾನಂದೆ, ಸಾ, ನನ್ ಸೊಸೆ ಸಾಫ್ಟ್‌ವೇರು, ಎಂಟು ತಿಂಗ್ಳಿಂದ ನಾನು ಮಾಡ್ಕೊಟ್ಟಿರೋ ಟೇಬಲ್ಲಲ್ಲೇ ಕೆಲ್ಸ ಮಾಡ್ತಾವ್ಳೆ, ಒಂದಿನ ಒಂದು ಮಾತು ಅಂದಿಲ್ಲ ಅಂತ. ಒಪ್ಕಬುಟ್ರು! ಅದೇ ಅಳತೇಲಿ ಒಂದು ಮಾಡಿ ನಿಲ್ಸಿವ್ನಿ. ಬುಧವಾರ ನೋಡಕೆ ಬತ್ತಾರೆ, ಅವ್ರು ಊ ಅಂದೇಟ್ಗೆ ಮಿಕ್ಕ ಅಲಗೆ ಕುಯ್ಯೋದೆಯ. ನೀನೂ ಬಂದ್ಬುಡು, ಕೂತು ತೋರ್ಸುವೆ."

ನಯನ "ಬರ್ತೀನಿ ಮಾವ" ಎಂದಳು. ಫೋನಿಟ್ಟು ಅಮ್ಮನ ಹತ್ತಿರ ಹೋಗಿ ಕೂತಳು. ಸಿದ್ಧ ಪೀಠೋಪಕರಣದ ಅಂಗಡಿಗಳು ಬಂದ ಮೇಲೆ ಮಾವನ ಕೈಗೆ ದೊಡ್ಡ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಸಿಕ್ಕ ಒಂದು ಕೆಲಸವೂ ತನ್ನ "ಸೂಪರ್" ಮೇಲೆ ನಿಂತಿದೆ. ಸುಮ್ಮನಿದ್ದರೆ ಹದಿನಾರು ಮೇಜು, ದಿನವೂ ತಂಡ ತಂಡವಾಗಿ ಬಂದು ಕೂರುವ ಹುಡುಗ ಹುಡುಗಿಯರ ಕತ್ತುಗಳು. ಹೇಳಿದರೆ ಮಾವನ ಮುಖ.

"ಇದ್ನೆಲ್ಲ ಅವ್ನಿಗೆ ಏಳ್ಬೇಡ ಕಣೆ," ಎಂದಳು ಅಮ್ಮ. "ನಮ್ಮಣ್ಣ ಮೊದ್ಲೇ ಸೂಕ್ಷ್ಮ. ಅವ್ನು ಮಾಡಿದ್ ತೊಟ್ಲು ಆಡಕಿಲ್ಲ ಅಂತ ಯಾರೋ ಅಂದಿದ್ಕೆ ಎರಡು ದಿನ ಅನ್ನ ಬಿಟ್ಟಿದ್ದ."

"ಮಕ್ಕಳ ಕತ್ತು ನೋಯುತ್ತಲ್ಲಮ್ಮ?"

ಅಮ್ಮ ಹೋಗಿ ಮಗಳ ಕತ್ತಿಗೆ ಬಿಸಿನೀರಿನ ಚೀಲ ತಂದಿಟ್ಟಳು, ಕೇಳದಿದ್ದರೂ.

ಬುಧವಾರ ಅರ್ಧ ದಿನ ರಜೆ ಹಾಕಿ ನಯನ ನರಸೀಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. "ಮಾವ, ಟೇಬಲ್ ತುಂಬಾ ಚೆನ್ನಾಗಿದೆ, ಆದ್ರೆ" ಎಂದು ಶುರುಮಾಡುವುದೋ, "ಮಾವ, ಡಾಕ್ಟ್ರು ಏನಂದ್ರು ಗೊತ್ತಾ" ಎಂದೋ? ಯಾವ ಮಾತಿನಿಂದ ಹೊರಟರೂ ಕೊನೆಯಲ್ಲಿ ಮಾವನ ಮುಖವೇ ಎದುರಾಗುತ್ತಿತ್ತು. ಕಾವೇರಿ ಸೇತುವೆಯಾಚೆಯ ಊರಿಗೆ ಚೀಲ ಹೊತ್ತು ಹೊರಟಿದ್ದ ಪಕ್ಕದ ಹೆಂಗಸು, "ಯಾಕವ್ವ, ಪರೀಕ್ಸೆಗೆ ಓಯ್ತಿದ್ದೀಯಾ?" ಎಂದು ಕೇಳಿದಳು. ಹೌದು ಎಂದಳು ನಯನ.

ಅಂಗಡಿಯ ಮುಂದೆ ಸಣ್ಣತಾಯಜ್ಜಿ ಎಲೆಅಡಿಕೆ ಹಾಕಿಕೊಂಡು ಕಾವಲಿಗೆ ಕೂತಿದ್ದಳು. ಒಳಗೆ ಮರದ ಹೊಟ್ಟಿನ ನಡುವೆ ಹೊಸ ಮೇಜು ಪಾಲಿಶಿನಲ್ಲಿ ಮಿರಮಿರ ಮಿಂಚುತ್ತಿತ್ತು. ಅದೇ ಎತ್ತರ. ಅದೇ ಗೂಡು, ಇನ್ನೂ ಒಂದು ಸುತ್ತು ಬಳ್ಳಿಯ ಕೆತ್ತನೆ ಜಾಸ್ತಿ. ಹಿಂದೆ ಗೋಡೆಗೆ ಒರಗಿಸಿದ ಹಲಗೆಗಳ ಮೇಲೆ ಪೆನ್ಸಿಲಿನ ಗೆರೆ ಆಗಲೇ ಬಿದ್ದಿತ್ತು. ಮಾವ ಹೆಗಲ ಮೇಲಿನ ಟವಲಿನಿಂದ ಕುರ್ಚಿ ಒರೆಸಿ, "ಕೂತ್ಕೊ, ಕೂತ್ಕೊ" ಎಂದು ಸಂಭ್ರಮಿಸಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ರುದ್ರೇಶ್ ಬಂದೇಬಿಟ್ಟರು, ಅಂದುಕೊಂಡದ್ದಕ್ಕಿಂತ ಅರ್ಧ ಗಂಟೆ ಮೊದಲು. ಕೈಯಲ್ಲಿ ಹೆಲ್ಮೆಟ್ಟು, ಮುಖದಲ್ಲಿ ಆತುರ.

"ಇವರೇನಾ ನಿಮ್ಮ ಸೊಸೆ? ಹೇಳಿ ಮೇಡಂ, ನೀವು ಬಳಸ್ತಿರೋರು. ಹೇಗಿದೆ ಟೇಬಲ್ಲು?"

ನಯನ ಮೇಜಿನ ಮುಂದೆ ಕೂತಳು. ಕೈ ಮೇಲಕ್ಕೆತ್ತಿ ಹಲಗೆಯ ಮೇಲಿಟ್ಟಳು. ಎರಡು ವಾರ ಮರೆತಿದ್ದ ಜಾಗದಲ್ಲಿ ಸ್ನಾಯು ತನ್ನಷ್ಟಕ್ಕೆ ಬಿಗಿಯಿತು. ಮಾವ ಎದುರಿಗೆ ನಿಂತು, ಸೊಸೆಯ ಬಾಯಿಂದ ಬೀಳುವ ಮಾತಿಗೆ ಪ್ರಸಾದಕ್ಕೆ ಕೈಯೊಡ್ಡಿದವರ ಹಾಗೆ ಕಾಯುತ್ತಿದ್ದರು. ಅಷ್ಟು ನಂಬಿಕೆಯ ಮುಖಕ್ಕೆ ಪರರ ಎದುರು ಪೆಟ್ಟು ಕೊಡಲು ಅವಳಿಂದ ಆಗಲಿಲ್ಲ. ಸುಳ್ಳು ಹೇಳಲೂ ಆಗಲಿಲ್ಲ.

"ಒಂದು ನಿಮಿಷ ಸರ್. ಮಾವ, ಸ್ವಲ್ಪ ಒಳಗೆ ಬನ್ನಿ."

ಹಲಗೆಗಳ ಮರೆಯಲ್ಲಿ, ಬಸ್ಸಿನಲ್ಲಿ ಜೋಡಿಸಿದ್ದ ಮಾತೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿಬಿಟ್ಟಳು. "ಮಾವ, ಈ ಟೇಬಲ್ಲಿಂದಾನೇ ನನ್ನ ಕತ್ತು ಹಿಡ್ಕೊಂಡಿದ್ದು. ಕೈ ನೋವೂ ಇದರಿಂದಾನೇ. ಎತ್ತರ ಜಾಸ್ತಿ. ಮಾನಿಟರ್ ಪಕ್ಕಕ್ಕಿದೆ, ದಿನವಿಡೀ ಕತ್ತು ತಿರುಗಿಸ್ಕೊಂಡು ಕೂರ್ಬೇಕು. ಫಿಜಿಯೋ ಮೇಡಂ ನೋಡಿ ಹೇಳಿದ್ರು. ಎರಡು ವಾರ ಬೇರೆ ಕಡೆ ಕೂತೆ, ಅರ್ಧ ವಾಸಿಯಾಯ್ತು. ನಾನು ಸೂಪರ್ ಅಂದಿದ್ದು ಸುಳ್ಳು ಮಾವ."

ನಿಂಗರಾಜು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ನೋಡಿದರು, ಮತ್ತೆ ಸಿಕ್ಕಿಸಿದರು. ಅವರ ಕಣ್ಣಂಚು ಕೆಂಪಾಯಿತು.

"ನೀನೇ ಅಲ್ವವ್ವ ಏಳಿದ್ದು?" ಎಂದರು ಕೊನೆಗೆ, ಮೆಲ್ಲಗೆ. "ಏನ್ ಕೆಲ್ಸ ಅಂತ ಕೇಳ್ದೆ. ದಿನಕ್ಕೆ ಇಪ್ಪತ್ತು ಟಿಕೆಟ್ ಬತ್ತವೆ ಮಾವ, ಎಲ್ಲಾನೂ ಸಂಜೆ ಒಳ್ಗೆ ಕ್ಲೋಸ್ ಮಾಡ್ಬೇಕು ಅಂದೆ. ನಾನು ಬಸ್‌ಸ್ಟಾಂಡ್ ಕೌಂಟ್ರು ನೋಡ್ಕಂಡ್ ಬಂದು ಅಳತೆ ತಗಂಡೆ. ಟಿಕೆಟ್ ಕೊಡೋರ್ಗೆ ಜನ ಎದ್ರಿಗೆ ನಿಂತಿರ್ತಾರೆ, ಎತ್ರ ಬೇಕಲ್ಲ. ಚಿಲ್ರೆ ಆಕಕೆ ಅಂತ ಡ್ರಾಯರ್ನಲ್ಲಿ ಐದು ಮನೆ ಮಾಡ್ದೆ."

ಐದು ಮನೆಯ ಆ ಡ್ರಾಯರಿನಲ್ಲಿ ನಯನ ಎಂಟು ತಿಂಗಳಿಂದ ಪಿನ್ನು, ಪೆನ್‌ಡ್ರೈವು, ಹೇರ್‌ಕ್ಲಿಪ್ಪು ವಿಂಗಡಿಸಿಟ್ಟುಕೊಂಡು, ಮಾವನಿಗೆ ಎಷ್ಟು ಮುಂದಾಲೋಚನೆ ಎಂದುಕೊಂಡಿದ್ದಳು.

"ಅಯ್ಯೋ ಮಾವ, ಅದು ಬಸ್ ಟಿಕೆಟ್ ಅಲ್ಲ. ಸಾಫ್ಟ್‌ವೇರಲ್ಲಿ ಏನಾದ್ರೂ ಕೆಟ್ರೆ ದೂರು ಬರುತ್ತೆ. ಆ ದೂರಿಗೇ ಟಿಕೆಟ್ ಅಂತಾರೆ. ಸರಿಮಾಡಿದ್ರೆ ಕ್ಲೋಸ್."

"ದೂರಾ?"

"ದೂರು."

ಮಾವ ಆ ಮಾತನ್ನು ಅಗಿದು ನೋಡಿದರು. "ಅಂಗಾರೆ ದಿನಾ ಇಪ್ಪತ್ತು ಜನರ ದೂರು ಸರಿಮಾಡೋಳು, ನಿಂದೊಂದು ದೂರು ನಂತಾವ ಎಂಟು ತಿಂಗ್ಳು ಏಳ್ನಿಲ್ಲ."

"ನೀವು ನೊಂದ್ಕೋತೀರ ಅಂತ ಮಾವ."

"ನೊಂದ್ಕತೀನಿ. ನೊಂದ್ಕಂಡೂ ಇವ್ನಿ. ನಂದು ಇವತ್ತೊಂದಿನ ಇರ್ತದೆ, ನಾಳೆ ಓಯ್ತದೆ. ನಿಂಗೆ ಎಂಟು ತಿಂಗ್ಳು ನೋವು ಕೊಟ್ಟವ್ನಿ ಅನ್ನೋದು ಎಲ್ಗೆ ಓಯ್ತದೆ?"

ನಯನ ಅತ್ತುಬಿಟ್ಟಳು. ನೋವಿಗೆ ಅಳದವಳು ಈ ಮಾತಿಗೆ ಅತ್ತಳು. ಮಾವ ಹೊಟ್ಟು ಮೆತ್ತಿದ ಟವಲಿನಿಂದಲೇ ಅವಳ ಮುಖ ಒರೆಸಲು ಹೋದಾಗ ಅವಳಿಗೆ ಮೇಲಿಂದ ಮೇಲೆ ನಾಲ್ಕು ಸೀನು ಬಂದವು.

ಹೊರಗೆ ಬಂದು ನಿಂಗರಾಜು ರುದ್ರೇಶರ ಎದುರು ನಿಂತರು. "ಸಾ, ಈ ಮಾದ್ರಿ ಬ್ಯಾಡ. ಇದ್ರಲ್ಲಿ ತಪ್ಪದೆ. ಕತ್ತು ನೋಯ್ತದೆ. ನಾನು ಗಲ್ಲಾ ಮಾಡಿವ್ನಿ, ಟೇಬಲ್ ಮಾಡಿಲ್ಲ. ಒಂದು ವಾರ ತಡ ಆಯ್ತದೆ. ಕಾಯಕಾಗಕಿಲ್ಲ ಅಂದ್ರೆ ಬೇರೆಯೋರ್ತಾವ ಮಾಡಿಸ್ಕಳಿ, ನಾನೇನೂ ಅನ್ಕಳಕಿಲ್ಲ."

ಎರಡು ವರ್ಷದ ಮೇಲೆ ಸಿಕ್ಕ ಕೆಲಸವನ್ನು ಮಾವ ತಾವೇ ಕೈಯಾರೆ ಬಾಗಿಲಾಚೆಗೆ ಕಳಿಸಲು ಹೊರಟಿದ್ದರು. ರುದ್ರೇಶ್ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ನಾನು ಟೇಬಲ್ ಕೊಂಡಿರೋದು ಇದೇ ಮೊದಲಲ್ಲ ನಿಂಗರಾಜು," ಎಂದರು. "ಇದರಲ್ಲಿ ತಪ್ಪಿದೆ ಅಂತ ಮಾಡಿದವರೇ ಹೇಳಿದ್ದು ಇದೇ ಮೊದಲು. ಒಂದು ವಾರ ತಾನೇ, ತಗೊಳ್ಳಿ. ಎಷ್ಟೆತ್ತರ ಇರಬೇಕು ಮೇಡಂ?"

ಶಿವರಂಜನಿ ಮೇಡಂ ಹೇಳಿದ್ದನ್ನೆಲ್ಲ ನಯನ ಹೇಳಿದಳು. ಪರದೆ ನೇರ ಎದುರಿಗಿರಲಿ. ಕುರ್ಚಿ ಏರಿಳಿಸುವಂಥದ್ದಾಗಿರಲಿ, ಏಕೆಂದರೆ ಬರುವವರೆಲ್ಲ ಒಂದೇ ಎತ್ತರದವರಲ್ಲ. ಮೇಜು ಇಪ್ಪತ್ತೆಂಟು ಇಂಚು ದಾಟುವುದು ಬೇಡ. ಕುರ್ಚಿ ಏರಿಸಿದಾಗ ಗಿಡ್ಡ ಇರುವವರ ಕಾಲು ನೇತಾಡದ ಹಾಗೆ ಕೆಳಗೊಂದು ಮಣೆ. ಮಾವ ಕೇಳಿಸಿಕೊಳ್ಳುತ್ತ, ಅವಳನ್ನು ಕೂರಿಸಿ, ಒಂದು ಮರದ ಪಟ್ಟಿಯನ್ನು ನೆಲಕ್ಕೆ ನಿಲ್ಲಿಸಿ ಅವಳ ಮೊಣಕೈ ಎಲ್ಲಿಗೆ ಬರುತ್ತದೋ ಅಲ್ಲಿ ಗೆರೆ ಹಾಕಿದರು. ಆಮೇಲೆ ಏನೋ ಹೊಳೆದು ರುದ್ರೇಶರನ್ನೂ ಕೂರಿಸಿ ಗೆರೆ ಹಾಕಿದರು. ಎರಡು ಗೆರೆಗೂ ನಡುವೆ ಮೂರು ಬೆರಳು ಅಂತರ.

"ರವಿಕೆ ಒಲಿಯೋನು ಅಳತೆ ಇಲ್ದೆ ಕತ್ರಿ ಇಡಕಿಲ್ಲ," ಎಂದು ತಮ್ಮ ಹಣೆ ಚಚ್ಚಿಕೊಂಡರು. "ನಾನು ಮೂವತ್ತು ವರ್ಸದಿಂದ ಕುಂತ್ಕಳೋರ ಅಳತೇನೇ ತಗಂಡಿಲ್ವಲ್ಲ."

ಉಳಿದದ್ದು ಗೂಡು. ನಡುವಿನ ದೇವರನ್ನು ಎತ್ತುವುದು ಹೇಗೆ ಎಂದು ಮಾವ ಅಳುಕಿನಿಂದ ಅಜ್ಜಿಯ ಕಡೆ ನೋಡಿದರು. ಅಷ್ಟು ಹೊತ್ತಿನಿಂದ ಎಲೆಅಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ ಸಣ್ಣತಾಯಜ್ಜಿ ಹೊರಕ್ಕೆ ಉಗಿದು ಬಂದಳು.

"ಗ್ವಾಡೆ ಮ್ಯಾಲೆ ಮೊಳೆ ಒಡಿ, ಅಲ್ಲಿ ಕುಂತ್ಕತಾನೆ. ಕೈಲಾಸದ ಬೆಟ್ಟದ ಮ್ಯಾಲೆ ಕುಂತಿರೋನಿಗೆ ಗ್ವಾಡೆ ಏನ್ ಕಷ್ಟ? ಎಂಟು ತಿಂಗ್ಳಿಂದ ಊದುಕಡ್ಡಿ ಒಗೆ ಕೂಸಿನ ಮೂಗ್ಗೆ ಓಗ್ತಿತ್ತಲ್ಲ, ಅದ್ಕೆ ಅವ್ನೇ ಕತ್ತು ಆ ಕಡಿಕ್ ತಿರುಗ್ಸಿದ್ದ."

ರುದ್ರೇಶ್ ನಗುತ್ತಲೇ ಗಾಡಿ ಹತ್ತಿ ಹೋದರು. ನಿಂಗರಾಜು ಮಿಂಚುತ್ತಿದ್ದ ಹೊಸ ಮೇಜನ್ನು ಮಗ್ಗುಲಿಗೆ ಮಲಗಿಸಿ ಗರಗಸ ತೆಗೆದುಕೊಂಡರು. ಮೊದಲ ಕಾಲಿಗೆ ಗರಗಸ ಇಟ್ಟವರು ಒಂದು ಕ್ಷಣ ಕಣ್ಣು ಮುಚ್ಚಿದರು. ತಾವೇ ಕಡೆದು ಉಜ್ಜಿ ಮೆರುಗು ಕೊಟ್ಟ ಕಾಲು. ಆಮೇಲೆ ಎಳೆದರು. ಹಲಸಿನ ಹಳದಿ ಹೊಟ್ಟು ಅವರ ಪಂಚೆಯ ಮೇಲೆ ಉದುರತೊಡಗಿತು. ಮೇಜು ಅಲುಗುತ್ತಿದೆಯೆಂದು ನಯನ ಓಡಿ ಬಂದು ಹಿಡಿದುಕೊಂಡಳು.

"ಆ ಕೈ ಬುಡು! ನೋಯೋ ಕೈಲಿ ಯಾಕೆ ಇಡ್ಕತೀಯೆ? ಎಡಗೈ ಕೊಡು."

ಅವಳು ಎಡಗೈ ಕೊಟ್ಟಳು. ಎರಡನೇ ಕಾಲೂ ಕುಯ್ದು ಮುಗಿಯಿತು. ಮಾವ ಬೆವರು ಒರೆಸಿಕೊಂಡು, ಗರಗಸವನ್ನು ಮೊಣಕಾಲ ಮೇಲಿಟ್ಟುಕೊಂಡು, ಅವಳನ್ನೇ ನೋಡಿದರು.

"ಇನ್ನೂ ಏನಾರ ಅದಾ? ಇದ್ರೆ ಈಗ್ಲೇ ಏಳ್ಬುಡು."

ನಯನ "ಇಲ್ಲ ಮಾವ, ಸೂಪರ್" ಎನ್ನಲು ಹೊರಟವಳು ನಾಲಿಗೆ ಕಚ್ಚಿಕೊಂಡಳು.

"ಡ್ರಾಯರ್ ತೊಡೆಗೆ ಹೊಡೆಯುತ್ತೆ ಮಾವ."

"ಊ, ತೆಗಿತೀನಿ. ಇನ್ನೇನು?"

"ಮುಂದಿನ ಅಂಚು ಚೂಪು. ಕೈ ಇಟ್ರೆ ಒತ್ತುತ್ತೆ."

"ದುಂಡುಗೆ ಮಾಡ್ತೀನಿ. ಇನ್ನೇನು?"

"ಪಾಲಿಶ್ ಕಣ್ಣಿಗೆ ಹೊಡೆಯುತ್ತೆ. ಲೈಟ್ ಹಾಕಿದ್ರೆ ಕನ್ನಡಿ ಥರ."

ಮಾವ ಗರಗಸ ಕೆಳಗಿಟ್ಟರು. ಪಾಲಿಶ್ ಅವರ ಹೆಮ್ಮೆ. ನರಸೀಪುರದಲ್ಲಿ ಅಂಥ ಮೆರುಗು ಇನ್ನೊಬ್ಬರ ಕೈಗೆ ಬರುತ್ತಿರಲಿಲ್ಲ. ಅವರು ಸೊಸೆಯನ್ನು ನೋಡಿದರು, ಮೇಜನ್ನು ನೋಡಿದರು, ಆಮೇಲೆ ಆ ದಿನ ಮೊದಲ ಬಾರಿಗೆ ಜೋರಾಗಿ ನಕ್ಕರು. ಕಿವಿಯ ಪೆನ್ಸಿಲು ತೆಗೆದು, ಗೋಡೆಗೆ ಒರಗಿದ್ದ ಹಲಗೆಯ ಮೇಲೆ ಒಂದು, ಎರಡು, ಮೂರು ಎಂದು ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡು, ನಾಲ್ಕು ಎಂದು ಹಾಕಿ ಅವಳು ಬಾಯಿ ತೆರೆಯುವುದನ್ನು ಕಾಯುತ್ತ ನಿಂತರು.